ಮಂಗಳವಾರ ಪಂಪ್ ಬಂದ್, ನಮ್ಮ ಬೀದಿಗೆ ನೀರು ಯಾವತ್ತು? ನೀರು ವ್ಯತ್ಯಯದ ಸುದ್ದಿ ಬರೆಯುವ, ಓದುವ ಬಗೆ

ರಾಮನಗರ: "ತುರ್ತು ಕಾಮಗಾರಿ ಪ್ರಯುಕ್ತ ನಾಳೆ ನೀರು ಸರಬರಾಜಿನಲ್ಲಿ ವ್ಯತ್ಯಯ ಉಂಟಾಗಲಿದ್ದು, ಸಾರ್ವಜನಿಕರು ಸಹಕರಿಸಬೇಕು." ರಾಮನಗರ, ಚನ್ನಪಟ್ಟಣ, ಕನಕಪುರ ನಗರಸಭೆಗಳ ಪ್ರಕಟಣೆಯಾಗಲಿ, ಮಾಗಡಿ ಪುರಸಭೆಯದ್ದಾಗಲಿ, ಗ್ರಾಮ ಪಂಚಾಯಿತಿಯದ್ದಾಗಲಿ, ಸಾಮಾನ್ಯವಾಗಿ ಕಾಣುವ ಒಕ್ಕಣೆ ಇದೇ. ವಾರ್ಡ್‌ನ ವಾಟ್ಸ್ಆ್ಯಪ್ ಗ್ರೂಪಿಗೆ ಬರುವಷ್ಟರಲ್ಲಿ ಇದು "ನಾಳೆ ನೀರು ಬರಲ್ಲ" ಅನ್ನುವ ಮೂರು ಮಾತಾಗಿರುತ್ತದೆ. ಆ "ನಾಳೆ" ಯಾವ ತಾರೀಖಿನ ನಾಳೆ ಅಂತ ಯಾರಿಗೂ ಗೊತ್ತಿರಲ್ಲ. ಎರಡು ದಿನ ಬಿಟ್ಟು ಅದೇ ಮೆಸೇಜ್ ಮತ್ತೆ ಸುತ್ತುತ್ತದೆ.

ನೀರಿನ ಸುದ್ದಿಯಲ್ಲಿ ಜನ ಹುಡುಕೋದು ಒಂದೇ: ನಮ್ಮ ಬೀದಿಗೆ ನೀರು ಇನ್ನು ಯಾವತ್ತು ಬರುತ್ತೆ? ಪ್ರಕಟಣೆಯಲ್ಲಿ ಇರೋದು ಬಹುತೇಕ ಬೇರೆಯೇ: ಪಂಪ್ ಎಷ್ಟು ಹೊತ್ತಿಗೆ ನಿಲ್ಲುತ್ತೆ ಅನ್ನೋದು. ಪಂಪಿನ ಸಮಯವನ್ನು ನಲ್ಲಿಯ ಸಮಯವಾಗಿ ಲೆಕ್ಕ ಹಾಕಿ ಹೇಳಿದರೆ ಮಾತ್ರ ಆ ಸುದ್ದಿ ಮನೆಗೂ ಅಂಗಡಿಗೂ ಕೆಲಸಕ್ಕೆ ಬರುತ್ತದೆ. ಸುದ್ದಿ ಬರೆಯುವವರಿಗೂ, ಗ್ರೂಪಿಗೆ ಹಾಕುವವರಿಗೂ, ಓದಿ ಡ್ರಮ್ ತುಂಬಿಸುವವರಿಗೂ ಈ ಲೆಕ್ಕ ಗೊತ್ತಿರಬೇಕು.

ಒಂದೇ ಪ್ರಕಟಣೆ, ಎರಡು ಸಮಯ

2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಜಲಮಂಡಳಿ ಕಾವೇರಿ ಪಂಪಿಂಗ್ ಕೇಂದ್ರಗಳ ನಿರ್ವಹಣೆಗಾಗಿ ನೀರು ನಿಲ್ಲಿಸಿದ್ದು ಇದಕ್ಕೆ ಒಳ್ಳೆಯ ಉದಾಹರಣೆ. "ಬೆಂಗಳೂರಿಗೆ ಮೂರು ದಿನ ಕಾವೇರಿ ನೀರಿಲ್ಲ" ಎಂಬ ಮಾತು ಹಬ್ಬಿತ್ತು. ಪ್ರಕಟಣೆಯ ಒಳಗೆ ಇದ್ದದ್ದು ಎರಡು ಬೇರೆ ಬೇರೆ ಸಮಯ. ಕಾವೇರಿ 5ನೇ ಹಂತದ ಪಂಪುಗಳು ಸೆಪ್ಟೆಂಬರ್ 15ರ ಬೆಳಗಿನ ಜಾವ 1 ಗಂಟೆಯಿಂದ 17ರ ಮಧ್ಯಾಹ್ನ 1 ಗಂಟೆವರೆಗೆ, ಅಂದರೆ 60 ಗಂಟೆ ಬಂದ್. 1ರಿಂದ 4ನೇ ಹಂತದ ಪಂಪುಗಳು 16ರ ಬೆಳಗ್ಗೆ 6ರಿಂದ 17ರ ಬೆಳಗ್ಗೆ 6ರವರೆಗೆ, ಬರೀ 24 ಗಂಟೆ.

5ನೇ ಹಂತ ಮುಖ್ಯವಾಗಿ ಬೆಂಗಳೂರಿನ ಅಂಚಿಗೆ ಸೇರಿಕೊಂಡ 110 ಹಳ್ಳಿಗಳಿಗಾಗಿ ಮಾಡಿದ ಯೋಜನೆ, 2024ರ ಅಕ್ಟೋಬರ್‌ನಲ್ಲಿ ಚಾಲನೆಯಾಯಿತು. ಹಾಗಾಗಿ ಒಂದೇ ನಗರದಲ್ಲಿ ಹಳೇ ಬಡಾವಣೆಯವರ ಲೆಕ್ಕ ಒಂದು, ಅಂಚಿನ ಬಡಾವಣೆಯವರ ಲೆಕ್ಕ ಇನ್ನೊಂದು. "ಮೂರು ದಿನ" ಅಂತಷ್ಟೇ ಓದಿದವರಿಗೆ ತಮ್ಮ ಮನೆ ಯಾವ ಲೆಕ್ಕಕ್ಕೆ ಸೇರುತ್ತೆ ಅಂತ ತಿಳಿಯುವ ದಾರಿಯೇ ಇರಲಿಲ್ಲ.

ಅದರಲ್ಲಿ ಇನ್ನೊಂದು ಸೂಕ್ಷ್ಮವೂ ಇತ್ತು. 15ನೇ ತಾರೀಖು ಸೋಮವಾರ. ಸೋಮವಾರ ಬೆಳಗಿನ ಜಾವ 1 ಗಂಟೆ ಅಂದರೆ ಜನರ ಬಾಯಲ್ಲಿ ಅದು ಭಾನುವಾರ ರಾತ್ರಿ. "ಸೋಮವಾರದಿಂದ ನೀರಿಲ್ಲ, ಬೆಳಗ್ಗೆ ಎದ್ದು ತುಂಬಿಸಿದರಾಯ್ತು" ಅಂದುಕೊಂಡವರಿಗೆ ಆ ಹೊತ್ತಿಗಾಗಲೇ ಪಂಪ್ ನಿಂತು ಐದಾರು ಗಂಟೆ ಆಗಿರುತ್ತಿತ್ತು. ಇಂಥ ಕಡೆ "ಭಾನುವಾರ ಮಧ್ಯರಾತ್ರಿ ಕಳೆದು 1 ಗಂಟೆಗೆ (ಸೋಮವಾರ, 15ನೇ ತಾರೀಖು)" ಎಂದು ವಾರ, ತಾರೀಖು ಎರಡನ್ನೂ ಬಿಡಿಸಿ ಬರೆಯೋದೇ ಸರಿ.

ನಮ್ಮ ಜಿಲ್ಲೆಯವರಿಗೆ ಇದರಿಂದ ಇನ್ನೊಂದು ಗೊಂದಲವೂ ಆಗುತ್ತದೆ. ಬೆಂಗಳೂರಿಗೆ ಹೋಗುವ ಕಾವೇರಿ ನೀರನ್ನು ಮಳವಳ್ಳಿ ತಾಲ್ಲೂಕಿನ ಟಿ.ಕೆ. ಹಳ್ಳಿ, ನಮ್ಮದೇ ಜಿಲ್ಲೆಯ ಹಾರೋಹಳ್ಳಿ, ಆಮೇಲೆ ತಾತಗುಣಿ ಹೀಗೆ ಮೂರು ಕಡೆ ಪಂಪ್ ಮಾಡಿ ಮೇಲೆತ್ತುತ್ತಾರೆ. "ಹಾರೋಹಳ್ಳಿ ಪಂಪಿಂಗ್ ಸ್ಟೇಷನ್ ಬಂದ್" ಅಂತ ಸುದ್ದಿ ಬಂದ ಕೂಡಲೇ ಕನಕಪುರ ಕಡೆಯವರು ಗಾಬರಿಯಾಗುವುದು ಸಹಜ. ಆದರೆ ಜಲಮಂಡಳಿಯ ಪ್ರಕಟಣೆ ಜಲಮಂಡಳಿಯ ಗ್ರಾಹಕರಿಗೆ. ನಮ್ಮ ಊರುಗಳಿಗೆ ನಲ್ಲಿ ಬಿಡುವುದು ಆಯಾ ನಗರಸಭೆ, ಪುರಸಭೆ, ಪಂಚಾಯಿತಿ. ಕೆಲವೆಡೆ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯ ಯೋಜನೆಯೂ ಜೊತೆಗಿರುತ್ತದೆ. ಹಾಗಾಗಿ ಸುದ್ದಿಯ ಮೊದಲ ಸಾಲಲ್ಲೇ ಪ್ರಕಟಣೆ ಕೊಟ್ಟದ್ದು ಯಾರು, ಯಾವ ಊರಿಗೆ ಅನ್ನೋದು ಇರಬೇಕು.

ಸರದಿ ಮುಂದಕ್ಕೆ ಹೋಗುತ್ತಾ, ತಪ್ಪಿಯೇ ಹೋಗುತ್ತಾ?

ದಿನಾ ನೀರು ಬಿಡುವ ಊರಲ್ಲಿ ಒಂದು ದಿನ ಪಂಪ್ ನಿಂತರೆ ಒಂದು ದಿನದ ತೊಂದರೆ. ಸರದಿ ಪ್ರಕಾರ ಬಿಡುವ ಊರಲ್ಲಿ ಲೆಕ್ಕವೇ ಬೇರೆ. ಒಂದು ಉದಾಹರಣೆ ನೋಡೋಣ.

ಒಂದು ಊರಲ್ಲಿ ಮೂರು ವಲಯ, ಮೂರು ದಿನಕ್ಕೊಮ್ಮೆ ನೀರು. ಶುಕ್ರವಾರ ಒಂದನೇ ವಲಯ, ಶನಿವಾರ ಎರಡನೇದು, ಭಾನುವಾರ ಮೂರನೇದು. ಸೋಮವಾರ ಮತ್ತೆ ಒಂದು, ಮಂಗಳವಾರ ಎರಡು, ಬುಧವಾರ ಮೂರು. ಹೀಗೆ ತಿರುಗುತ್ತಿರುತ್ತದೆ. ಈಗ ಮಂಗಳವಾರ ಬೆಳಗ್ಗೆ 6ರಿಂದ ಸಂಜೆ 6ರವರೆಗೆ ಮುಖ್ಯ ಪೈಪಿನ ವಾಲ್ವ್ ಬದಲಿಸುವ ಕೆಲಸ ಇದೆ ಅಂತಿಟ್ಟುಕೊಳ್ಳಿ. ಪ್ರಕಟಣೆಯಲ್ಲಿ ಬರುವುದು "12 ಗಂಟೆ ವ್ಯತ್ಯಯ" ಅಂತಷ್ಟೇ.

ಸಂಜೆ 6ಕ್ಕೆ ಪಂಪ್ ಶುರುವಾದ ಮಾತ್ರಕ್ಕೆ ನಲ್ಲಿಗೆ ನೀರು ಬರಲ್ಲ. ಖಾಲಿಯಾದ ಪೈಪ್ ಮೊದಲು ತುಂಬಬೇಕು, ಆಮೇಲೆ ಓವರ್‌ಹೆಡ್ ಟ್ಯಾಂಕ್ ಏರಬೇಕು. 5 ಲಕ್ಷ ಲೀಟರಿನ ಟ್ಯಾಂಕಿಗೆ ಗಂಟೆಗೆ 50 ಸಾವಿರ ಲೀಟರ್ ಬರುತ್ತಿದ್ದರೆ ಟ್ಯಾಂಕ್ ತುಂಬಲು 10 ಗಂಟೆ ಬೇಕು. ಅಂದರೆ ನೀರು ಬಿಡುವಷ್ಟು ಆಗುವುದು ಬುಧವಾರ ಬೆಳಗಿನ ಜಾವ 4ರ ನಂತರವೇ. 12 ಗಂಟೆಯ ಕೆಲಸ ಅಲ್ಲಿಗೆ 22 ಗಂಟೆ ಆಯಿತು. ಮಂಗಳವಾರದ ಸರದಿ ಪೂರ್ತಿ ಹೋಯಿತು.

ಈಗ ಬುಧವಾರ ನೀರು ಯಾರಿಗೆ? ಇದಕ್ಕೆ ಎರಡು ದಾರಿ ಇದೆ.

ಮೊದಲನೆಯದು, ಸರದಿಯನ್ನು ಒಂದು ದಿನ ಮುಂದಕ್ಕೆ ತಳ್ಳುವುದು. ಬುಧವಾರ ಎರಡನೇ ವಲಯ, ಗುರುವಾರ ಮೂರನೇದು, ಶುಕ್ರವಾರ ಒಂದನೇದು. ಆಗ ಮೂರೂ ವಲಯದವರಿಗೆ ಮೂರು ದಿನದ ಬದಲು ನಾಲ್ಕು ದಿನಕ್ಕೆ ನೀರು. ಎಲ್ಲರಿಗೂ ಒಂದೊಂದು ದಿನ ತಡ.

ಎರಡನೆಯದು, ವಾರದ ಪಟ್ಟಿಯನ್ನು ಹಾಗೇ ಬಿಟ್ಟು ಎರಡನೇ ವಲಯದ ಸರದಿಯನ್ನೇ ಬಿಡುವುದು. ಬುಧವಾರ ಮೂರನೇ ವಲಯಕ್ಕೂ ಗುರುವಾರ ಒಂದನೇ ವಲಯಕ್ಕೂ ಎಂದಿನಂತೆ ನೀರು ಬರುತ್ತದೆ. ಎರಡನೇ ವಲಯಕ್ಕೆ ಮಾತ್ರ ಶನಿವಾರ ಬಂದದ್ದು ಮತ್ತೆ ಬರುವುದು ಮುಂದಿನ ಶುಕ್ರವಾರ. ಪೂರಾ ಆರು ದಿನ.

ಕೆಲಸ ಒಂದೇ, 12 ಗಂಟೆಯದ್ದೇ. ಒಂದು ರೀತಿಯಲ್ಲಿ ಊರಿಗೆಲ್ಲ ನಾಲ್ಕು ದಿನ, ಇನ್ನೊಂದು ರೀತಿಯಲ್ಲಿ ಒಂದು ವಲಯಕ್ಕೆ ಆರು ದಿನ. ಸುದ್ದಿ ಬರೆಯುವವರು ನೀರು ಸರಬರಾಜು ವಿಭಾಗದ ಎಂಜಿನಿಯರ್ ಬಳಿ ಕೇಳಲೇಬೇಕಾದ ಪ್ರಶ್ನೆ ಇದು: "ಸಾರ್, ಸರದಿ ಮುಂದಕ್ಕೆ ಹಾಕ್ತೀರಾ, ಇಲ್ಲ ಆ ಸರದಿ ಬಿಟ್ಟೇ ಹೋಗುತ್ತಾ?" ಆಫೀಸಿನಲ್ಲಿ ಉತ್ತರ ಸಿಗದಿದ್ದರೆ ವಾಲ್ವ್ ತಿರುಗಿಸುವ ವಾಟರ್‌ಮನ್ ಬಳಿ ಸಿಗುತ್ತದೆ. ಯಾವ ಬೀದಿಗೆ ಯಾವ ವಾಲ್ವ್, ಯಾವ ಟ್ಯಾಂಕು ಅನ್ನುವುದು ಅವರಿಗೆ ಬಾಯಿಪಾಠ. ಬಡಾವಣೆಯ ಹೆಸರಿನ ಜೊತೆ "ಇಂಥ ಟ್ಯಾಂಕಿನಿಂದ ನೀರು ಬರುವ ಬೀದಿಗಳು" ಎಂದು ಬರೆದರೆ, ಒಂದೇ ಬಡಾವಣೆ ಎರಡು ಟ್ಯಾಂಕಿಗೆ ಹಂಚಿಹೋಗಿದ್ದರೂ ಗೊಂದಲ ಆಗಲ್ಲ. ವಾರ್ಡ್ ನಂಬರ್ ಒಂದನ್ನೇ ಬರೆದರೆ ಸಾಲದು. ಪೈಪ್ ವಾರ್ಡಿನ ಗಡಿ ನೋಡಿಕೊಂಡು ಹೋಗಿರಲ್ಲ.

ಹಿಂದಿನ ದಿನ ಹೇಳಿದರೆ ಯಾರಿಗೆ ಉಪಯೋಗ?

ಇದೇ ಉದಾಹರಣೆಯನ್ನು ಇನ್ನೊಂದು ಸಲ ನೋಡಿ. ಮಂಗಳವಾರದ ಕೆಲಸಕ್ಕೆ ಸೋಮವಾರ ಸಂಜೆ ಪ್ರಕಟಣೆ ಬಂತು ಅನ್ನಿ. ಹೆಚ್ಚು ತೊಂದರೆ ಆಗುವುದು ಎರಡನೇ ವಲಯಕ್ಕೆ. ಆದರೆ ಅವರಿಗೆ ಕೊನೇ ಸಲ ನೀರು ಬಂದದ್ದು ಶನಿವಾರ. ಸೋಮವಾರ ಸಂಜೆ "ಮುಂಚಿತವಾಗಿ ನೀರು ಸಂಗ್ರಹಿಸಿಕೊಳ್ಳಿ" ಅಂದರೆ ಎಲ್ಲಿಂದ ಸಂಗ್ರಹಿಸುವುದು? ನಲ್ಲಿಯಲ್ಲಿ ನೀರೇ ಇಲ್ಲ. ಅವರಿಗೆ ಉಳಿದಿರುವುದು ಟ್ಯಾಂಕರ್ ಒಂದೇ.

ಹಾಗಾಗಿ ಸರದಿ ಇರುವ ಊರಲ್ಲಿ 24 ಗಂಟೆ ಮುಂಚಿನ ಸೂಚನೆ ಸಾಲುವುದಿಲ್ಲ. ಒಂದು ಪೂರ್ತಿ ಸರದಿ ಮುಂಚೆ ಹೇಳಬೇಕು. ಮೂರು ದಿನಕ್ಕೊಮ್ಮೆ ನೀರಾದರೆ ಮೂರು ದಿನ ಮುಂಚೆ, ವಾರಕ್ಕೊಮ್ಮೆಯಾದರೆ ವಾರ ಮುಂಚೆ. ಈ ಉದಾಹರಣೆಯಲ್ಲಿ ಸುದ್ದಿ ಶುಕ್ರವಾರವೇ ಬಂದಿದ್ದರೆ ಎರಡನೇ ವಲಯದವರು ಶನಿವಾರ ಒಂದೆರಡು ಡ್ರಮ್ ಜಾಸ್ತಿ ತುಂಬಿಕೊಳ್ಳುತ್ತಿದ್ದರು. ಪೈಪ್ ಒಡೆದಂಥ ತುರ್ತಿಗೆ ಈ ಮಾತು ಅನ್ವಯಿಸಲ್ಲ. ಮೊದಲೇ ದಿನ ಗೊತ್ತುಮಾಡಿದ ಕೆಲಸಕ್ಕೆ ಮಾತ್ರ ಖಂಡಿತ ಅನ್ವಯಿಸುತ್ತದೆ. ನಿವಾಸಿಗಳ ಸಂಘದವರು, ವರ್ತಕರ ಸಂಘದವರು ನಗರಸಭೆಗೆ ಮನವಿ ಕೊಡುವುದಾದರೆ "ಮುಂಚಿತವಾಗಿ ತಿಳಿಸಿ" ಅನ್ನುವುದರ ಬದಲು "ಒಂದು ಸರದಿ ಮುಂಚೆ ತಿಳಿಸಿ" ಎಂದು ಬರೆಯುವುದು ಹೆಚ್ಚು ಸ್ಪಷ್ಟ.

ಇನ್ನೊಂದು ಸುದ್ದಿಯ ಮೇಲೂ ಕಣ್ಣಿಡಬೇಕು: ಬೆಸ್ಕಾಂನ ವಿದ್ಯುತ್ ವ್ಯತ್ಯಯದ ಪ್ರಕಟಣೆ. ಉಪಕೇಂದ್ರದ ನಿರ್ವಹಣೆಗೆ ಬೆಳಗ್ಗೆಯಿಂದ ಸಂಜೆವರೆಗೆ ಕರೆಂಟ್ ಇರಲ್ಲ ಅಂತ ಆಗಾಗ ಬರುತ್ತದೆ. ಆ ಪಟ್ಟಿಯಲ್ಲಿ ಊರಿನ ಪಂಪ್‌ಹೌಸ್ ಅಥವಾ ಕೊಳವೆಬಾವಿ ಇರುವ ಜಾಗ ಸೇರಿದ್ದರೆ ಅಷ್ಟು ಗಂಟೆ ಪಂಪಿಂಗ್ ಕೂಡ ಇಲ್ಲ. ಮನೆಯಲ್ಲಿ ಕರೆಂಟ್ ಇದ್ದರೂ ಮರುದಿನ ನೀರು ಕಡಿಮೆ ಬರಬಹುದು. ನಗರಸಭೆ ಇದಕ್ಕೆ ಬೇರೆ ಪ್ರಕಟಣೆ ಕೊಡದೆಯೂ ಇರಬಹುದು. ಪಂಪ್‌ಹೌಸಿಗೆ ಯಾವ ಉಪಕೇಂದ್ರದಿಂದ ಕರೆಂಟ್ ಬರುತ್ತೆ ಅಂತ ಒಂದು ಸಲ ಕೇಳಿ ಬರೆದಿಟ್ಟುಕೊಂಡರೆ ಮುಂದೆ ಪ್ರತಿ ಸಲವೂ ಉಪಯೋಗಕ್ಕೆ ಬರುತ್ತದೆ. ಬೆಸ್ಕಾಂ ಸಹಾಯವಾಣಿ 1912.

ಎಷ್ಟು ತುಂಬಿಸಿಕೊಳ್ಳಬೇಕು?

"ಸಾಕಷ್ಟು ನೀರು ಸಂಗ್ರಹಿಸಿ" ಎಂಬ ಮಾತಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಲೀಟರಿನಲ್ಲಿ ಹೇಳಬೇಕು. ಜಲಜೀವನ್ ಮಿಷನ್‌ನಲ್ಲಿ ಹಳ್ಳಿಯ ಮನೆಗೆ ಇಟ್ಟಿರುವ ಲೆಕ್ಕ ಒಬ್ಬರಿಗೆ ದಿನಕ್ಕೆ 55 ಲೀಟರ್. ಕೈ ಬಿಗಿಹಿಡಿದು ಬಳಸಿದರೆ 40 ಲೀಟರಿನಲ್ಲಿ ನಡೆಯುತ್ತದೆ. ಐದು ಜನರ ಮನೆಗೆ ದಿನಕ್ಕೆ 200 ಲೀಟರ್, ಅಂದರೆ ಒಂದು ದೊಡ್ಡ ಡ್ರಮ್. ಸರದಿ ಒಂದು ದಿನ ತಡವಾದರೆ ಒಂದು ಡ್ರಮ್ ಹೆಚ್ಚಿಗೆ, ಸರದಿ ತಪ್ಪಿ ಮೂರು ದಿನ ಹೆಚ್ಚಾದರೆ ಮೂರು ಡ್ರಮ್. ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ ಐದಾರು ಲೀಟರ್ ಬೇರೆ ಎತ್ತಿಟ್ಟರೆ ಸಾಕು. ಆ ನೀರನ್ನು ಬಳಕೆ ನೀರಿನ ಜೊತೆ ಬೆರೆಸಬಾರದು.

ಹೋಟೆಲ್, ಟೀ ಅಂಗಡಿ, ಸಲೂನ್, ಬೇಕರಿಯವರು ತಮ್ಮ ಲೆಕ್ಕ ತಾವೇ ಹಾಕಿಕೊಳ್ಳಬೇಕು. ಮಾಮೂಲು ದಿನ ಬೆಳಗ್ಗೆ ಬಾಗಿಲು ತೆರೆಯುವ ಮುಂಚೆ ಸಿಂಟೆಕ್ಸ್‌ನಲ್ಲಿ ನೀರು ಎಲ್ಲಿವರೆಗಿದೆ, ರಾತ್ರಿ ಬಾಗಿಲು ಹಾಕುವಾಗ ಎಲ್ಲಿಗಿಳಿದಿದೆ ಅಂತ ಒಂದು ಗುರುತು ಹಾಕಿ ನೋಡಿದರೆ ದಿನದ ಖರ್ಚು ಗೊತ್ತಾಗುತ್ತದೆ. ಟ್ಯಾಂಕರ್ ಬೇಕಾದರೆ ಪ್ರಕಟಣೆ ನೋಡಿದ ದಿನವೇ ಹೇಳಿಟ್ಟು, ಎಷ್ಟು ಸಾವಿರ ಲೀಟರ್, ಎಷ್ಟು ದುಡ್ಡು ಅಂತ ಮಾತಾಡಿಕೊಳ್ಳುವುದು ಒಳ್ಳೆಯದು. ನೀರು ನಿಂತ ಎರಡನೇ ದಿನ ಎಲ್ಲರೂ ಅದೇ ನಂಬರಿಗೆ ಫೋನ್ ಮಾಡುತ್ತಿರುತ್ತಾರೆ.

ರಾಮನಗರದ ರೇಷ್ಮೆ ನೂಲು ಬಿಚ್ಚುವವರಿಗೆ ಇದು ಇನ್ನೂ ನೇರ ನಷ್ಟದ ವಿಷಯ. ಗೂಡು ಬೇಯಿಸಲು, ಬಿಚ್ಚಲು ನೀರು ಬೇಕೇ ಬೇಕು. ಮಾರುಕಟ್ಟೆಯಲ್ಲಿ ತಂದ ಹಸಿ ಗೂಡನ್ನು ಬಹಳ ದಿನ ಇಡಲು ಬರಲ್ಲ. ಒಳಗಿನ ಹುಳು ಚಿಟ್ಟೆಯಾಗಿ ಗೂಡು ತೂತು ಮಾಡಿದರೆ ನೂಲು ಬರಲ್ಲ. ನಲ್ಲಿ ನೀರನ್ನೇ ನಂಬಿದ ಘಟಕದವರು ನೀರಿಲ್ಲದ ದಿನ ನೋಡಿಕೊಂಡು ಹರಾಜಿನಲ್ಲಿ ಎಷ್ಟು ಗೂಡು ಹಿಡಿಯಬೇಕು ಅಂತ ತೀರ್ಮಾನಿಸುತ್ತಾರೆ. ಪ್ರಕಟಣೆ ಒಂದು ದಿನ ತಡವಾದರೂ ಗೂಡು ಆಗಲೇ ಮನೆಯಲ್ಲಿರುತ್ತದೆ.

ನೀರು ವಾಪಸ್ ಬಂದ ಮೊದಲ ಹೊತ್ತು

ಸುದ್ದಿಗಳಲ್ಲಿ ಬಿಟ್ಟುಹೋಗುವ ಭಾಗ ಇದು. ಪೈಪ್ ಖಾಲಿಯಾದಾಗ ಒಳಗೆ ಗಾಳಿ ಸೇರುತ್ತದೆ. ಸಣ್ಣ ಸೀಳಿದ್ದ ಕಡೆ, ಅದರಲ್ಲೂ ಚರಂಡಿ ಪಕ್ಕದಲ್ಲಿ ಹೋದ ಪೈಪಿನಲ್ಲಿ, ಹೊರಗಿನ ಕೊಳಚೆ ನೀರು ಒಳಕ್ಕೆ ಎಳೆದುಕೊಳ್ಳಬಹುದು. ಮತ್ತೆ ನೀರು ಬಿಟ್ಟಾಗ ತಳದಲ್ಲಿ ಕೂತಿದ್ದ ಮಣ್ಣು, ತುಕ್ಕು ಎಲ್ಲ ಎದ್ದು ಬರುತ್ತದೆ. ಹಾಗಾಗಿ ಮೊದಲು ಬರುವ ನೀರನ್ನು ಸಂಪಿಗೆ ಬಿಡಬಾರದು. ಸಂಪಿನ ವಾಲ್ವ್ ಮುಚ್ಚಿಟ್ಟು, ಮುಂದಿನ ನಲ್ಲಿಯಲ್ಲಿ ಬಕೆಟಿಗೆ ಹಿಡಿದು, ಬಣ್ಣ ತಿಳಿಯಾಗಿ ವಾಸನೆ ಇಲ್ಲ ಅಂತಾದ ಮೇಲೆ ವಾಲ್ವ್ ತೆರೆಯಬೇಕು. ಹಿಡಿದ ನೀರು ಶೌಚಾಲಯಕ್ಕೆ, ಅಂಗಳ ತೊಳೆಯಲು ಆಗುತ್ತದೆ.

ಸ್ವಲ್ಪ ಕೆಂಪಗೆ, ಮಣ್ಣು ಮಣ್ಣಾಗಿ ಬಂದು ಆಮೇಲೆ ತಿಳಿಯಾದರೆ ಅದು ಪೈಪಿನ ಹೊಲಸು. ಆದರೆ ಎಷ್ಟು ಬಿಟ್ಟರೂ ಕಪ್ಪಗೆ ಇದ್ದು ಚರಂಡಿ ವಾಸನೆ ಹೊಡೆದರೆ ಕೊಳಚೆ ಸೇರಿದೆ ಎಂದೇ ಲೆಕ್ಕ. ಅಂಥ ನೀರನ್ನು ಬಳಸದೆ ಕೂಡಲೇ ನಗರಸಭೆಗೆ ಅಥವಾ ಪಂಚಾಯಿತಿಗೆ ತಿಳಿಸಬೇಕು, ಅಕ್ಕಪಕ್ಕದ ಮನೆಯವರಿಗೂ ಹೇಳಬೇಕು. ನಲ್ಲಿ ಪೈಪಿಗೇ ನೇರವಾಗಿ ಮೋಟಾರ್ ಹಾಕಿ ಎಳೆಯುವುದರಿಂದ ಈ ಅಪಾಯ ಇನ್ನೂ ಹೆಚ್ಚು. ಮೋಟಾರ್ ಗಾಳಿಯನ್ನೂ ಕೊಳಚೆಯನ್ನೂ ಒಟ್ಟಿಗೆ ಎಳೆದು ಬೀದಿಗೆಲ್ಲ ಹಂಚುತ್ತದೆ, ಕೊನೇ ಮನೆಗೆ ನೀರೂ ತಲುಪಲ್ಲ.

ತಿಳಿಯಾಗಿ ಕಂಡರೂ ಮೊದಲ ಒಂದೆರಡು ದಿನ ಕುಡಿಯುವ ನೀರನ್ನು ಕುದಿಸಿ ಆರಿಸಿ ಕುಡಿಯುವುದು ಕ್ಷೇಮ. ಸಂಪಿನ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕುವವರು 1,000 ಲೀಟರಿಗೆ ಎರಡೂವರೆ ಗ್ರಾಂ, ಅಂದರೆ ಸುಮಾರು ಅರ್ಧ ಟೀ ಚಮಚ, ಒಂದು ಬಕೆಟ್ ನೀರಲ್ಲಿ ಕದಡಿ, ಗಸಿ ಇಳಿದ ಮೇಲೆ ಮೇಲಿನ ತಿಳಿ ಮಾತ್ರ ಸುರಿದು ಒಂದು ಗಂಟೆ ಬಿಡಬೇಕು. ಬಹಳ ದಿನ ಬಾಯಿ ತೆರೆದಿಟ್ಟ ಪೌಡರಿಗೆ ಶಕ್ತಿ ಇರಲ್ಲ. ಮೂಗಿಗೆ ಘಾಟು ಹೊಡೆಯದಿದ್ದರೆ ಹೊಸದು ತರಬೇಕು. ಮಣ್ಣು ನೀರಿಗೆ ಹಾಕಿದರೂ ಅದು ಕೆಲಸ ಮಾಡಲ್ಲ. ನಲ್ಲಿ ನೀರಿನಲ್ಲಿ ಉಳಿದಿರಬೇಕಾದ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಎಂದು ಭಾರತೀಯ ಮಾನಕ ಹೇಳುತ್ತದೆ. ಇದನ್ನು ನೋಡುವ ಪರೀಕ್ಷಾ ಕಿಟ್‌ಗಳಿವೆ, ಪಂಚಾಯಿತಿಯಲ್ಲಿ ವಿಚಾರಿಸಬಹುದು.

ಜಾಸ್ತಿ ತುಂಬಿಸಿಟ್ಟ ಡ್ರಮ್ಮುಗಳನ್ನು ಮುಚ್ಚಿಡಬೇಕು. ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ಇಂಥ ಶುದ್ಧ ನೀರಿನಲ್ಲೇ. ನೀರು ಬಂದ ಮೇಲೆ ಹಳೇ ನೀರು ಖಾಲಿ ಮಾಡಿ, ಒಳಗೋಡೆ ಉಜ್ಜಿ ತೊಳೆಯಬೇಕು, ಮೊಟ್ಟೆ ಗೋಡೆಗೆ ಅಂಟಿಕೊಂಡಿರುತ್ತದೆ.

ಹೀಗೆ ಬರೆದರೆ ಸಾಕು

ಮೇಲಿನ ಉದಾಹರಣೆಯನ್ನೇ ಸುದ್ದಿಯಾಗಿ ಬರೆದರೆ ಹೀಗಿರುತ್ತದೆ. ವಾರದ ಪಕ್ಕ ತಾರೀಖು, ವಲಯದ ಪಕ್ಕ ಬೀದಿಗಳ ಹೆಸರು ಸೇರಿಸಿಕೊಳ್ಳಬೇಕು.

"ಮುಖ್ಯ ಪೈಪಿನ ವಾಲ್ವ್ ಬದಲಿಸುವುದರಿಂದ ಮಂಗಳವಾರ ಬೆಳಗ್ಗೆ 6ರಿಂದ ಸಂಜೆ 6ರವರೆಗೆ ಪಂಪಿಂಗ್ ಇರುವುದಿಲ್ಲ ಎಂದು ನಗರಸಭೆ ಶುಕ್ರವಾರ ತಿಳಿಸಿದೆ. ಎರಡನೇ ವಲಯಕ್ಕೆ ಮಂಗಳವಾರ ನೀರಿಲ್ಲ, ಬುಧವಾರ ಬೆಳಗ್ಗೆ ಬಿಡಲಾಗುತ್ತದೆ. ಮೂರನೇ ವಲಯಕ್ಕೆ ಬುಧವಾರದ ಬದಲು ಗುರುವಾರ, ಒಂದನೇ ವಲಯಕ್ಕೆ ಗುರುವಾರದ ಬದಲು ಶುಕ್ರವಾರ. ಎರಡನೇ ವಲಯದವರು ಈ ಶನಿವಾರ, ಮೂರನೇ ವಲಯದವರು ಭಾನುವಾರ, ಒಂದನೇ ವಲಯದವರು ಸೋಮವಾರ ನೀರು ಬಂದಾಗ ಒಂದು ದಿನದಷ್ಟು ಹೆಚ್ಚಿಗೆ ತುಂಬಿಸಿಕೊಳ್ಳಬೇಕು. ಕೊಳವೆಬಾವಿ ನೀರಿನ ಕಿರುಟ್ಯಾಂಕ್‌ಗಳು ಎಂದಿನಂತೆ ಇರುತ್ತವೆ. ಕೆಲಸ ತಡವಾದರೆ ಮಂಗಳವಾರ ರಾತ್ರಿ 8ಕ್ಕೆ ಹೊಸ ಸಮಯ ತಿಳಿಸಲಾಗುವುದು."

ಕೊಳವೆಬಾವಿಯ ಮಾತನ್ನು ಕೇಳಿ ಖಚಿತ ಮಾಡಿಕೊಂಡೇ ಬರೆಯಬೇಕು. ನದಿ ನೀರಿನ ಪೈಪ್ ಬಂದ್ ಆದರೂ ಕೊಳವೆಬಾವಿ ನೀರು ಬರುವ ಬೀದಿಗಳಿಗೆ ತೊಂದರೆ ಇರಲ್ಲ; ಎರಡನ್ನೂ ಒಂದೇ ಟ್ಯಾಂಕಿಗೆ ತುಂಬಿಸುವ ಕಡೆ ನೀರು ಕಮ್ಮಿ ಬರಬಹುದು.

ಕೊನೇ ಸಾಲು, ಅಂದರೆ ಮತ್ತೆ ಯಾವಾಗ ತಿಳಿಸುತ್ತೇವೆ ಅನ್ನುವುದು, ಬಿಟ್ಟುಹೋಗಬಾರದು. ಹಳೇ ಪೈಪ್ ಬಿಚ್ಚಿದಾಗ ತುಕ್ಕು ಹಿಡಿದ ಬೋಲ್ಟ್, ಅಳತೆಗೆ ಕೂರದ ವಾಲ್ವ್, ಬೆಸುಗೆ ಹಾಕಿದ ಕಡೆ ಸೋರಿಕೆ ಇವೆಲ್ಲ ಇದ್ದದ್ದೇ. ರಾತ್ರಿ 8ಕ್ಕೆ ಎರಡನೇ ಸುದ್ದಿ ಬರುತ್ತೆ ಅಂತ ಗೊತ್ತಿದ್ದರೆ, ಹೋಟೆಲಿನವರು ಬುಧವಾರ ಬೆಳಗ್ಗೆ ಬಾಗಿಲು ತೆರೆಯಬೇಕೋ ಬೇಡವೋ ಅಂತ ಅದನ್ನು ನೋಡಿ ತೀರ್ಮಾನ ಮಾಡಬಹುದು.